"ಅಜ್ಜೀಈಈಈ" ತಪ್ಪಲ್ಲ

ನಮ್ಮ ಬಡಾವಣೆಯ ಮಕ್ಕಳ ಪತ್ರಿಕೆ ಟೈಪ್ ಮಾಡುವ ಕೆಲಸ ನನ್ನದು. ಹೋದ ಸಂಚಿಕೆಗೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದ ಕತೆಯಲ್ಲಿ "ಅಜ್ಜೀಈಈಈ, ಹಾವೂಊಊ!" ಎಂದಿತ್ತು. ನಾನು ಜಾಣನ ಹಾಗೆ "ಅಜ್ಜೀ, ಹಾವು!" ಎಂದು ತಿದ್ದಿದೆ. ಪತ್ರಿಕೆ ಕೈಗೆ ಬಂದ ದಿನ ಅವಳು ಬಂದು, "ಅಂಕಲ್, ಅಜ್ಜಿ ಹಿತ್ತಲಲ್ಲಿದ್ರು. ನೀವು ಬರೆದಷ್ಟೇ ಕೂಗಿದ್ರೆ ಅವರಿಗೆ ಕೇಳಿಸ್ತಾನೇ ಇರಲಿಲ್ಲ" ಅಂದಳು. ತೆಪ್ಪಗಾದೆ.

ಅವಳು ಬರೆದದ್ದಕ್ಕೆ ವ್ಯಾಕರಣದಲ್ಲೇ ಹೆಸರಿದೆ, ಪ್ಲುತ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದಲ್ಲಿರುವವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಅದು ಬರುತ್ತದೆ. ಋಗ್ವೇದದ ನಾಸದೀಯ ಸೂಕ್ತದಲ್ಲಿ "ಕೆಳಗಿತ್ತೇ, ಮೇಲಿತ್ತೇ" ಎಂದು ಕೇಳುವ ಕಡೆ "ಆಸೀ3ತ್" ಎಂದು ನಡುವೆ ಅಂಕಿ ಹಾಕಿರುತ್ತಾರೆ. ಎಳೆದು ಓದು ಅಂತ. ಅಂಕಿಯ ಬದಲು ನಮ್ಮ ಹುಡುಗಿ ಈಈಈ ಹಾಕಿದಳು, ಅಷ್ಟೇ.

ಅವಳು ಎಲ್ಲಿ ಎಳೆದಳು ನೋಡಿ. ಪದದ ಕೊನೆಯಲ್ಲಿ. ಕನ್ನಡದಲ್ಲಿ ಸುಮ್ನೆ ಬೇರೆ ಕಡೆ ಎಳೆದರೆ ಅರ್ಥವೇ ಬದಲಾಗಬಹುದು. "ಕೊಡು" ಎಂಬುದರ ಮೊದಲಕ್ಷರ ಎಳೆದರೆ "ಕೋಡು" ಆಯಿತು, ದನದ ತಲೆಗೆ ಹೋಯಿತು. ಅದಕ್ಕೇ ಹಟ ಮಾಡುವ ಮಗು "ಕೊಡೂಊಊ" ಎನ್ನುತ್ತದೆ. ಮೊದಲೇ ದೀರ್ಘವಿದ್ದರೆ ಈ ಭಯವಿಲ್ಲ, "ಯಾಆಆಕೆ" ಎಂದು ಧಾರಾಳವಾಗಿ ಎಳೆಯಬಹುದು.

ಕೈತಪ್ಪಿ ಬಿದ್ದದ್ದು ಹೀಗಿರುವುದಿಲ್ಲ. "ಹೋಗಿಿದ್ದೆ" ಎಂದು ಗುಡಿಸು ಎರಡು ಸಲ ಬಿದ್ದರೆ ಎಷ್ಟೋ ಫೋನಿನಲ್ಲಿ ಚುಕ್ಕಿಗಳ ಬಳೆಯೊಂದು ಕಾಣಿಸಿಕೊಳ್ಳುತ್ತದೆ. ಬೇಕೆಂದೇ ಎಳೆಯುವವರು ಸ್ವರಚಿಹ್ನೆಯ ಮುಂದೆ ಇಡೀ ಸ್ವರವನ್ನೇ ಬರೆಯುತ್ತಾರೆ, ಅದೂ ಒಂದಲ್ಲ, ಎರಡು ಮೂರು. "ಹೋಗಿದ್ದೆ" ಎಂಬುದರ ನಡುವಿನ "ಗಿ"ಯನ್ನು ಯಾರೂ ಬಾಯಲ್ಲಿ ಎಳೆಯುವುದೂ ಇಲ್ಲ, ಅಲ್ವಾ?

ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ವ್ಯಂಜನ. ಅದೇ ಕತೆಯಲ್ಲಿ "ದೊಡ್ಡ್ಡ್ಡ ಹಾವು" ಎಂದೂ ಇತ್ತು. ಕೀಲಿ ಅಂಟಿಕೊಂಡಿತ್ತೇನೋ ಎಂದುಕೊಂಡು ಅದನ್ನೂ ಅಳಿಸಿದ್ದೆ. ಆಮೇಲೆ ಗಟ್ಟಿಯಾಗಿ ಹೇಳಿ ನೋಡಿದೆ. ನಾಲಿಗೆ ಅಂಗುಳಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ, ಒಂದು ಕ್ಷಣ ಸದ್ದು ಒಳಗೇ ತಡೆದುಕೊಳ್ಳುತ್ತದೆ, ಆಮೇಲೆ "ಡ" ಹೊರಗೆ ಬರುತ್ತದೆ. ಹಾವು ಬೆಳೆದದ್ದು ಆ ತಡೆದು ನಿಂತ ಜಾಗದಲ್ಲಿ. ಉದ್ದ, ಸಣ್ಣ, ಎಲ್ಲವೂ ಹೀಗೇ, ಮೊದಲೇ ಒತ್ತಿರುವ ಪದಗಳು. "ಇದ್ದ್ದೆ" ಎಂದು ಬಿದ್ದರೆ ಮಾತ್ರ ನಾನು ಈಗಲೂ ಅಳಿಸುತ್ತೇನೆ. ಅಲ್ಲಿ ಬೆಳೆಯುವಂಥದ್ದು ಏನೂ ಇಲ್ಲ.

ಹಾಗಂತ ಸರ್ಕಾರಿ ಅರ್ಜಿಯಲ್ಲಿ "ಮಾನ್ಯರೇಏಏ" ಬರೆಯಿರಿ ಅಂತಿಲ್ಲ.

ಈ ಸಂಚಿಕೆಯಲ್ಲಿ ಅವಳ ಕತೆಯನ್ನು ಮತ್ತೆ ಹಾಕಿದ್ದೇವೆ. ಈ ಸಲ ಈಕಾರ ಎಣಿಸಿ ಟೈಪ್ ಮಾಡಿದೆ. ಒಂದು ಕಡಿಮೆಯಾಗಿದೆಯಂತೆ.