ಬಿಲ್ ಇದ್ದರೂ ಸರಕು ಅಸಲಿ ಎಂದು ಸಾಬೀತಾಗದಿರುವುದು ಏಕೆ?

ಬ್ರ್ಯಾಂಡಿನಿಂದ ದೂರು ಬಂದಿದೆ ಎಂದು ಆನ್‌ಲೈನ್ ಮಾರ್ಕೆಟ್‌ಪ್ಲೇಸ್ ಒಂದು ಸಣ್ಣ ವ್ಯಾಪಾರಿಯ ಲಿಸ್ಟಿಂಗ್ ತೆಗೆದುಹಾಕಿದಾಗ, ಅವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಕೈಗೆ ಸಿಕ್ಕ ಖರೀದಿ ಬಿಲ್ಲುಗಳ ಫೋಟೊ ತೆಗೆದು ಕಳುಹಿಸುವುದು. ಬಹಳಷ್ಟು ಬಾರಿ ಆ ಮನವಿ ತಿರಸ್ಕೃತವಾಗುತ್ತದೆ. ಬಿಲ್ ನಿಜವಾದದ್ದು, ಸರಕೂ ನಿಜವಾದದ್ದು, ಆದರೂ ತಿರಸ್ಕಾರ. ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕಪತ್ರ ನೋಡಿಕೊಳ್ಳುವವನಾಗಿ ಇಂಥ ಪ್ರಕರಣಗಳನ್ನು ಹತ್ತಿರದಿಂದ ಕಂಡಿದ್ದೇನೆ. ಒಂದು ಬಿಲ್ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವ್ಯಾಪಾರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದು ನನ್ನ ದೂರು.

ದಾವಣಗೆರೆಯಲ್ಲಿ ಗೃಹೋಪಯೋಗಿ ಎಲೆಕ್ಟ್ರಿಕಲ್ ಸಾಮಾನುಗಳ ಸಣ್ಣ ಅಂಗಡಿ ನಡೆಸುವ ಮಹಿಳೆಯೊಬ್ಬರ ಪ್ರಕರಣವನ್ನೇ ನೋಡಿ. ಅವರು ಹೆಸರುವಾಸಿ ಕಂಪನಿಯೊಂದರ ಟ್ರಿಮ್ಮರ್‌ನ ಒಂದೇ ಮಾಡೆಲನ್ನು ಬೆಂಗಳೂರಿನ ಚಿಕ್ಕಪೇಟೆಯ ಹೋಲ್‌ಸೇಲ್ ವ್ಯಾಪಾರಿಯಿಂದ ಎರಡು ಕಂತುಗಳಲ್ಲಿ ತರಿಸಿದ್ದರು. ಜನವರಿಯಲ್ಲಿ 60, ಜೂನ್‌ನಲ್ಲಿ 40. ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಮಾರುತ್ತಿದ್ದರು. ಒಂದು ದಿನ ಲಿಸ್ಟಿಂಗ್ ಕಾಣೆಯಾಯಿತು. ಬಂದ ನೋಟಿಸಿನಲ್ಲಿ ಇದ್ದದ್ದು, ಬ್ರ್ಯಾಂಡಿನ ಮಾಲೀಕರು ನಕಲಿ ಸರಕಿನ ದೂರು ಕೊಟ್ಟಿದ್ದಾರೆ, ಖರೀದಿಯ ಇನ್‌ವಾಯ್ಸ್ ಸಲ್ಲಿಸಿ ಎಂಬಷ್ಟು ಮಾತ್ರ. ಅವರು ಎರಡೂ ಬಿಲ್ ಕಳುಹಿಸಿದರು. ದಾಖಲೆ ಸಾಲದು ಎಂಬ ಒಂದೇ ಸಾಲಿನ ಉತ್ತರ ಬಂತು.

ಬಿಲ್ಲುಗಳನ್ನು ತೆರೆದು ನೋಡಿದಾಗ ಕಾರಣ ಸ್ಪಷ್ಟವಾಗಿತ್ತು. ಜನವರಿಯ ಬಿಲ್ಲಿನಲ್ಲಿ ವಿವರಣೆಯ ಜಾಗದಲ್ಲಿ ಬರೀ ‘ಟ್ರಿಮ್ಮರ್’ ಎಂದಿತ್ತು. ಬ್ರ್ಯಾಂಡಿನ ಹೆಸರಿಲ್ಲ, ಮಾಡೆಲ್ ಸಂಖ್ಯೆಯಿಲ್ಲ. ತೆರಿಗೆಯ ಕಣ್ಣಿಗೆ ಅದು ಸಲೀಸಾಗಿ ಸಾಗುವ ಬಿಲ್, ಏಕೆಂದರೆ ಸರಕಿನ ವರ್ಗ ತಿಳಿಸುವ ಎಚ್‌ಎಸ್‌ಎನ್ ಕೋಡ್, ಪ್ರಮಾಣ, ತೆರಿಗೆ ದರ ಎಲ್ಲವೂ ಇದ್ದವು. ಆದರೆ ಮಾರ್ಕೆಟ್‌ಪ್ಲೇಸಿನಲ್ಲಿ ಕುಳಿತು ಪರಿಶೀಲಿಸುವವರಿಗೆ ಆ 60 ಟ್ರಿಮ್ಮರ್‌ಗಳು ಯಾವ ಕಂಪನಿಯವು ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಇದರ ಜೊತೆಗೆ ಬಿಲ್ ಅಂಗಡಿಯ ಹೆಸರಿನಲ್ಲಿತ್ತು, ಮಾರಾಟಗಾರರ ಖಾತೆ ಮಾಲೀಕರ ಸ್ವಂತ ಹೆಸರಿನಲ್ಲಿತ್ತು. ಎರಡೂ ಒಬ್ಬರೇ ಎಂಬುದನ್ನು ತೋರಿಸಲು ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ ಸಾಕು, ಅದರಲ್ಲಿ ಕಾನೂನುಬದ್ಧ ಹೆಸರೂ ವ್ಯಾಪಾರದ ಹೆಸರೂ ಒಟ್ಟಿಗೇ ಇರುತ್ತವೆ. ಅದನ್ನು ಲಗತ್ತಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ವಿವರಣೆ ಸಾಲದ ಬಿಲ್ಲನ್ನು ಸರಿಪಡಿಸಲು ಕೆಲವರು ಪಿಡಿಎಫ್ ತೆರೆದು ತಾವೇ ಮಾಡೆಲ್ ಸಂಖ್ಯೆ ಸೇರಿಸಿಬಿಡುತ್ತಾರೆ. ದಯವಿಟ್ಟು ಇದನ್ನು ಎಂದಿಗೂ ಮಾಡಬೇಡಿ. ಐದು ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿರುವ ಹೋಲ್‌ಸೇಲ್ ವ್ಯಾಪಾರಿಯು ನೋಂದಾಯಿತ ವ್ಯಾಪಾರಿಗೆ ಕೊಡುವ ಬಿಲ್, 2023ರ ಆಗಸ್ಟ್‌ನಿಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದ ಇ-ಇನ್‌ವಾಯ್ಸ್ ಆಗಿರಬೇಕು. ಅದರ ಮೇಲಿನ ಕ್ಯೂಆರ್ ಕೋಡನ್ನು ಸರ್ಕಾರದ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಹೋಲ್‌ಸೇಲ್ ವ್ಯಾಪಾರಿಗೆ ನೇರವಾಗಿ ಫೋನ್ ಮಾಡಿ ವಿಚಾರಿಸುವುದೂ ಉಂಟು. ತಿದ್ದಿದ ಬಿಲ್ ಸಿಕ್ಕಿಬಿದ್ದರೆ ಅಸಲಿ ಸರಕಿನ ವ್ಯಾಪಾರಿಯೂ ವಂಚಕನಾಗಿಬಿಡುತ್ತಾನೆ, ಆಮೇಲೆ ಖಾತೆ ಉಳಿಯುವುದಿಲ್ಲ. ಸರಿಯಾದ ದಾರಿ ಬೇರೆ. ಮೂಲ ಬಿಲ್ಲನ್ನು ಇದ್ದಂತೆಯೇ ಇಟ್ಟು, ಆ ಬಿಲ್ ಸಂಖ್ಯೆಯಲ್ಲಿ ಕಳುಹಿಸಿದ 60 ನಗಗಳೂ ಇಂಥ ಬ್ರ್ಯಾಂಡಿನ ಇಂಥ ಮಾಡೆಲ್ ಎಂದು ಹೋಲ್‌ಸೇಲ್ ವ್ಯಾಪಾರಿಯಿಂದ ಅವರ ಲೆಟರ್‌ಹೆಡ್ಡಿನಲ್ಲಿ ಸಹಿ, ಮೊಹರಿನೊಂದಿಗೆ ಪತ್ರ ಪಡೆಯಬೇಕು. ದಾವಣಗೆರೆಯವರಿಗೆ ಇನ್ನೊಂದು ಆಧಾರವೂ ಇತ್ತು. ಎರಡೂ ಕಂತುಗಳ ಮೌಲ್ಯ ತೆರಿಗೆ ಸೇರಿ 50,000 ರೂಪಾಯಿ ದಾಟಿದ್ದರಿಂದ ಸರಕು ಸಾಗಣೆಯ ಇ-ವೇ ಬಿಲ್ ಆಗಿತ್ತು, ಅದರಲ್ಲಿ ಸರಕಿನ ಹೆಸರಿನ ಜಾಗದಲ್ಲಿ ಬ್ರ್ಯಾಂಡನ್ನು ಬರೆದಿದ್ದರು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಖರೀದಿ ಬಿಲ್ಲುಗಳನ್ನು ಪಟ್ಟಿ ಮಾಡಿ ತೋರಿಸುವ ಜಿಎಸ್‌ಟಿಆರ್-2ಬಿ ಕೂಡ ಲಗತ್ತಿಸಲು ಯೋಗ್ಯವಾದ ದಾಖಲೆ ಎಂದು ನಾನು ಸದಾ ಹೇಳುತ್ತೇನೆ. ಹೋಲ್‌ಸೇಲ್ ವ್ಯಾಪಾರಿ ತನ್ನ ಮಾರಾಟದ ವಿವರ ಸಲ್ಲಿಸಿದ ನಂತರ ಅದು ನಮ್ಮ ಖಾತೆಯಲ್ಲಿ ತಾನಾಗಿ ಕಾಣಿಸುತ್ತದೆ, ಆದ್ದರಿಂದ ದೂರು ಬಂದ ಮೇಲೆ ಹುಟ್ಟಿಸಿದ ಬಿಲ್ ಇದಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಅದರ ಮಿತಿಯನ್ನೂ ತಿಳಿದಿರಬೇಕು. ಅಲ್ಲಿ ಮಾರಿದವರ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ಮೊತ್ತ ಇರುತ್ತವೆಯೇ ಹೊರತು ಸರಕು ಯಾವುದು ಎಂಬುದು ಇರುವುದಿಲ್ಲ.

ಇನ್ನು ಎಣಿಕೆ. ಬಿಲ್ಲಿನಲ್ಲಿ 100 ಇದ್ದು ಆನ್‌ಲೈನಿನಲ್ಲಿ 140 ಮಾರಾಟವಾಗಿದ್ದರೆ, ಉಳಿದ 40 ಎಲ್ಲಿಂದ ಬಂದವು ಎಂಬ ಪ್ರಶ್ನೆ ಏಳುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ಈ ಅಂಗಡಿಯಲ್ಲಿ ಆನ್‌ಲೈನ್ ಮಾರಾಟವಾಗಿ ಗ್ರಾಹಕರ ಬಳಿಯೇ ಉಳಿದದ್ದು 71, ಅಂಗಡಿಯ ಕೌಂಟರಿನಲ್ಲಿ ಹೋದದ್ದು 12, ಸೀಲ್ ಒಡೆಯದೆ ಕಪಾಟಿನಲ್ಲಿದ್ದದ್ದು 14, ಗ್ರಾಹಕರಿಂದ ವಾಪಸು ಬಂದು ಬೇರೆ ಇಟ್ಟಿದ್ದದ್ದು 3. ಕೂಡಿದರೆ ಸರಿಯಾಗಿ 100. ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಬಿಲ್ಲುಗಳ ಮೇಲಿಟ್ಟೆವು. ವಾಪಸು ಬಂದ ಸರಕನ್ನು ಅವರು ಮತ್ತೆ ಮಾರದೆ ಪ್ರತ್ಯೇಕವಾಗಿ ಇಟ್ಟದ್ದು ಬಹಳ ಒಳ್ಳೆಯದಾಯಿತು. ಅಸಲಿ ಟ್ರಿಮ್ಮರ್ ಇಟ್ಟುಕೊಂಡು ಅದೇ ಡಬ್ಬಿಯಲ್ಲಿ ನಕಲಿಯನ್ನು ಹಾಕಿ ವಾಪಸು ಕಳುಹಿಸುವ ಗ್ರಾಹಕರಿದ್ದಾರೆ. ಆ ಡಬ್ಬಿ ಮತ್ತೆ ಮಾರಾಟವಾಗಿ, ಬ್ರ್ಯಾಂಡಿನವರು ಪರೀಕ್ಷೆಗಾಗಿ ಮಾಡಿದ ಖರೀದಿಯಲ್ಲಿ ಅವರ ಕೈಗೇ ಸಿಕ್ಕರೆ, ಯಾವ ಬಿಲ್ಲೂ ನಮ್ಮನ್ನು ಕಾಪಾಡುವುದಿಲ್ಲ.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಡಬ್ಬಿಯ ಮೇಲೆಯೇ ಮುದ್ರಿತವಾಗಿರುತ್ತದೆ. ಉಳಿದಿದ್ದ 14 ಡಬ್ಬಿಗಳ ಮೇಲೂ ತಯಾರಿಕೆಯ ತಿಂಗಳು ಏಪ್ರಿಲ್ ಎಂದಿತ್ತು. ಅಂದರೆ ಅವು ಅದೇ ವರ್ಷದ ಜನವರಿಯ ಬಿಲ್ಲಿನಲ್ಲಿ ಬಂದಿರಲು ಸಾಧ್ಯವೇ ಇಲ್ಲ. ಜನವರಿಯ ಬಿಲ್ ಜೊತೆಗೆ ಆ ಡಬ್ಬಿಗಳ ಫೋಟೊ ಕಳುಹಿಸಿದ್ದರೆ ನಮ್ಮ ದಾಖಲೆಯೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಏಪ್ರಿಲ್‌ನಲ್ಲಿ ತಯಾರು, ಮೇ ತಿಂಗಳಲ್ಲಿ ಅಧಿಕೃತ ವಿತರಕರಿಂದ ಹೋಲ್‌ಸೇಲ್ ವ್ಯಾಪಾರಿಗೆ, ಜೂನ್‌ನಲ್ಲಿ ದಾವಣಗೆರೆಗೆ ಎಂದು ದಿನಾಂಕಗಳು ಒಂದರ ಹಿಂದೆ ಒಂದು ಸಾಗಿದಾಗ ಮಾತ್ರ ಬಿಲ್ಲಿಗೂ ಡಬ್ಬಿಗೂ ನಂಟು ಬೆಳೆಯುತ್ತದೆ. ಬ್ಯಾಚ್ ಸಂಖ್ಯೆ ಕಾಣುವಂತೆ ಪ್ರತಿ ಡಬ್ಬಿಯ ಫೋಟೊ ತೆಗೆದು ಜೂನ್‌ನ ಬಿಲ್ ಜೊತೆ ಸೇರಿಸಿದೆವು.

ಮೇ ತಿಂಗಳ ಬಿಲ್ ಎಂದೆನಲ್ಲ, ಅದನ್ನು ಪಡೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ನಮ್ಮ ಬಿಲ್ ನಾವು ಯಾರಿಂದ ಕೊಂಡೆವು ಎಂದಷ್ಟೇ ಹೇಳುತ್ತದೆ. ಆ ಸರಕು ಬ್ರ್ಯಾಂಡಿನ ಕೈಯಿಂದಲೇ ಹೊರಬಂದದ್ದು ಎನ್ನಲು ಅದರ ಹಿಂದಿನ ಬಿಲ್ ಬೇಕು. ಹೋಲ್‌ಸೇಲ್ ವ್ಯಾಪಾರಿ, “ಮೇಡಂ, ನಮ್ಮ ಖರೀದಿ ಬಿಲ್ ಕೊಟ್ಟರೆ ನಾಳೆ ನಮಗೆ ಮಾಲು ಕೊಡುವವರೇ ಇರುವುದಿಲ್ಲ” ಎಂದರು. ತಮ್ಮ ಲಾಭದ ಪ್ರಮಾಣ ತಿಳಿದುಬಿಡುತ್ತದೆ ಎಂಬುದಷ್ಟೇ ಅವರ ಭಯವಲ್ಲ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಹೋಗುತ್ತಿರುವ ಸರಕು ಯಾವ ವಿತರಕರ ಮೂಲಕ ಹೊರಬರುತ್ತಿದೆ ಎಂದು ಕಂಡುಹಿಡಿಯಲು ಕೆಲವು ಕಂಪನಿಗಳು ಕಾಯುತ್ತಲೇ ಇರುತ್ತವೆ, ನಕಲಿಯ ದೂರಿನಿಂದ ಆ ಮಾಹಿತಿಯೂ ಅವರ ಕೈಸೇರಬಹುದು ಎಂಬ ಅಂಜಿಕೆ ಪೇಟೆಯಲ್ಲಿದೆ. ಆ ಅಂಜಿಕೆಗೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ಕೊನೆಗೆ ದರ, ತೆರಿಗೆ ಮತ್ತು ಮೊತ್ತದ ಅಂಕಣಗಳನ್ನು ಮಾತ್ರ ಕಪ್ಪಾಗಿಸಿ, ಹೆಸರು, ಬಿಲ್ ಸಂಖ್ಯೆ, ದಿನಾಂಕ, ಮಾಡೆಲ್ ಮತ್ತು ಪ್ರಮಾಣವನ್ನು ಉಳಿಸಿದ ಪ್ರತಿಯನ್ನು ಅವರು ಕೊಟ್ಟರು. ದರ ಮುಚ್ಚಿದ ಬಿಲ್ಲನ್ನು ಮಾರ್ಕೆಟ್‌ಪ್ಲೇಸುಗಳು ಸಾಮಾನ್ಯವಾಗಿ ಒಪ್ಪುತ್ತವೆ, ಮಾರಿದವರ ಹೆಸರನ್ನು ಮುಚ್ಚಿದರೆ ಒಪ್ಪುವುದಿಲ್ಲ. ಇದು ಬ್ರ್ಯಾಂಡಿಗೆ ತಲುಪಬಾರದೆಂಬ ಕೋರಿಕೆಯನ್ನೂ ಮನವಿಯಲ್ಲಿ ಬರೆದೆವು.

ಇಷ್ಟೆಲ್ಲ ಸೇರಿಸಿ ಸಲ್ಲಿಸಿದ ಮೇಲೆ ಲಿಸ್ಟಿಂಗ್ ಮರಳಿತು. ಆದರೆ ನನ್ನನ್ನು ಕಾಡುವ ಮಾತು ಬೇರೆ. ‘ನಕಲಿ’ ಮತ್ತು ‘ನಮ್ಮ ಅಧಿಕೃತ ಡೀಲರ್ ಅಲ್ಲ’ ಎಂಬ ಎರಡು ಆರೋಪಗಳ ನಡುವೆ ಕಾನೂನಿನಲ್ಲಿ ಅಜಗಜಾಂತರವಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30(3)ನೇ ಕಲಮಿನ ಪ್ರಕಾರ, ಮಾಲೀಕರೇ ಅಥವಾ ಅವರ ಒಪ್ಪಿಗೆಯಿಂದ ಮಾರುಕಟ್ಟೆಗೆ ಬಿಟ್ಟ ಸರಕನ್ನು ನ್ಯಾಯಬದ್ಧವಾಗಿ ಕೊಂಡವರು ಮರುಮಾರಾಟ ಮಾಡಿದರೆ ಅದು ಟ್ರೇಡ್‌ಮಾರ್ಕ್ ಉಲ್ಲಂಘನೆಯಾಗುವುದಿಲ್ಲ. ಸ್ಯಾಮ್‌ಸಂಗ್ ಮತ್ತು ಕಪಿಲ್ ವಾಧ್ವಾ ನಡುವಿನ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ ಈ ತತ್ವವನ್ನು ವಿದೇಶದಿಂದ ತರಿಸಿದ ಅಸಲಿ ಸರಕಿಗೂ ಅನ್ವಯಿಸಿತು; ಆದರೆ ಇದು ಆಮದಾದದ್ದು, ಕಂಪನಿಯ ವಾರಂಟಿ ಇಲ್ಲ ಎಂದು ಎದ್ದುಕಾಣುವಂತೆ ಫಲಕ ಹಾಕಬೇಕು ಎಂದಿತು. ಮಾರುಕಟ್ಟೆಗೆ ಬಂದ ಮೇಲೆ ಸರಕಿನ ಸ್ಥಿತಿ ಬದಲಾಗಿದ್ದರೆ ಅಥವಾ ಕೆಟ್ಟಿದ್ದರೆ ಮಾಲೀಕರು ಆಕ್ಷೇಪಿಸಬಹುದು ಎಂಬ ವಿನಾಯಿತಿ 30(4)ರಲ್ಲಿದೆ. ಆದ್ದರಿಂದ ಸೀಲ್ ಒಡೆದ ಡಬ್ಬಿಯನ್ನು ಹೊಸದೆಂದು ಮಾರುವವರಿಗೆ ಈ ಕಲಮಿನ ರಕ್ಷಣೆಯನ್ನು ನಂಬಿ ಎಂದು ನಾನು ಹೇಳುವುದಿಲ್ಲ.

ಅಧಿಕೃತ ಡೀಲರ್ ಅಲ್ಲ ಎಂಬ ಕಾರಣಕ್ಕೆ ದೂರು ಕೊಟ್ಟರೆ ಲಿಸ್ಟಿಂಗ್ ಸುಲಭವಾಗಿ ಇಳಿಯುವುದಿಲ್ಲ, ನಕಲಿ ಎಂದರೆ ತಕ್ಷಣ ಇಳಿಯುತ್ತದೆ. ಹೀಗಾಗಿ ಸರಕನ್ನು ಕಣ್ಣಿನಿಂದಲೂ ನೋಡದೆ ನಕಲಿ ಎಂಬ ಅಂಕಣಕ್ಕೇ ಗುರುತು ಹಾಕುವ ಅವಕಾಶ ದೂರುದಾರರಿಗಿದೆ. ನಕಲಿಯ ಆರೋಪ ಮಾಡುವವರು ಪರೀಕ್ಷಾ ಖರೀದಿಯ ಆರ್ಡರ್ ಸಂಖ್ಯೆಯನ್ನು ಮತ್ತು ಆ ಸರಕಿನಲ್ಲಿ ಕಂಡ ದೋಷವನ್ನು ಬರೆದುಕೊಡಬೇಕು, ಅದು ಮಾರಾಟಗಾರರಿಗೆ ತಲುಪಬೇಕು. ಇದು ಅತಿಯಾದ ಬೇಡಿಕೆ ಎಂದು ನನಗೆ ಅನ್ನಿಸುವುದಿಲ್ಲ. ಸಣ್ಣ ವ್ಯಾಪಾರಿ ಎರಡು ಹಂತದ ಬಿಲ್ ತರಬೇಕಾದರೆ, ದೂರು ಕೊಟ್ಟವರು ಒಂದು ಡಬ್ಬಿಯನ್ನಾದರೂ ತೆರೆದು ನೋಡಿರಬೇಕು.

ನೋಟಿಸ್ ಬಂದವರು ದೂರು ಯಾವ ಬಗೆಯದು ಎಂದು ಮೊದಲು ಓದಬೇಕು. ಕಂಪನಿಯ ಫೋಟೊಗಳನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಕೃತಿಸ್ವಾಮ್ಯದ ದೂರು ಬಂದಿದ್ದರೆ ಎಷ್ಟು ಬಿಲ್ ಕೊಟ್ಟರೂ ಪ್ರಯೋಜನವಿಲ್ಲ. ಫೋಟೊ ಬದಲಿಸಿ ತಿಳಿಸುವುದೇ ಅಲ್ಲಿ ಉತ್ತರ. ನಕಲಿಯ ದೂರಾದರೆ, ನೋಟಿಸಿನಲ್ಲಿರುವ ಬ್ರ್ಯಾಂಡಿನ ಇಮೇಲ್ ವಿಳಾಸಕ್ಕೂ ಸಭ್ಯವಾಗಿ ಬರೆದು ದೂರನ್ನು ಹಿಂಪಡೆಯಲು ಕೇಳಬೇಕು. ದಾವಣಗೆರೆಯವರ ಪತ್ರಕ್ಕೆ ಉತ್ತರ ಬರಲಿಲ್ಲ. ಅವರ ಲಿಸ್ಟಿಂಗ್ ಮರಳಿದರೂ ದೂರು ಹಿಂಪಡೆಯದ ಕಾರಣ ಖಾತೆಯ ದಾಖಲೆಯಲ್ಲಿ ಅದು ಇನ್ನೂ ಉಳಿದಿದೆ. ಈಗ ಅವರು ಬ್ರ್ಯಾಂಡು, ಮಾಡೆಲ್ ಸಂಖ್ಯೆ ಬರೆಯದ ಬಿಲ್ಲಿಗೆ ಹಣ ಕೊಡುವುದಿಲ್ಲ, ಸರಕು ಬಂದ ದಿನವೇ ಡಬ್ಬಿಗಳ ಬ್ಯಾಚ್ ಸಂಖ್ಯೆಯನ್ನು ಬಿಲ್ ಸಂಖ್ಯೆಯ ಎದುರು ಬರೆದಿಡುತ್ತಾರೆ.