ಯಾವ ನಾಳೆ ಮಾರಾಯ್ರೆ?

ಸೋಮವಾರ ಸಂಜೆ ಆರೂಕಾಲಕ್ಕೆ ಫೋನ್ ಬಂತು. "ನಾವು ಟೌನ್‌ಹಾಲಿನ ಗೇಟಿನ ಹತ್ತಿರ ಇದ್ದೇವೆ. ಒಳಗೆ ಲೈಟೇ ಇಲ್ಲ. ನಾಟಕ ಉಂಟಲ್ಲ ಇವತ್ತು?"

ನಾಟಕ ಹಿಂದಿನ ದಿನವೇ, ಅಂದರೆ ನವೆಂಬರ್ 16ರ ಭಾನುವಾರವೇ ಮುಗಿದಿತ್ತು. ಮುಖದ ಬಣ್ಣ ನನ್ನ ಕಿವಿಯ ಹಿಂದೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಸುರತ್ಕಲ್‌ನಿಂದ ಎರಡು ಬಸ್ಸು ಹತ್ತಿ ಬಂದ ದಂಪತಿ ಅವರು. ಅಮ್ಮ ಮಲ್ಲಿಗೆ ಬೇರೆ ಮುಡಿದು ಬಂದಿದ್ದಾರಂತೆ. "ನಾಳೆ ಅಂತಲ್ವಾ ಬರೆದದ್ದು ನೀವು?" ಎಂದರು.

ಹೌದು, ನಾನೇ ಬರೆದದ್ದು. ಶನಿವಾರ ರಾತ್ರಿ, ಪೋಸ್ಟರ್ ಹಚ್ಚುವ ಗೊಡವೆಗೂ ಹೋಗದೆ, "ಮರೆಯಬೇಡಿ, ನಾಳೆ ಸಂಜೆ ನಮ್ಮ ನಾಟಕ!" ಎಂದು ವಾಟ್ಸಾಪಿಗೆ ಬಿಟ್ಟಿದ್ದೆ. ಅದು ಯಾರದೋ ಫ್ಯಾಮಿಲಿ ಗ್ರೂಪು, ಅಲ್ಲಿಂದ ಯಾವುದೋ ಭಜನಾ ಮಂಡಳಿಯ ಗ್ರೂಪು ಸುತ್ತಿ, ಭಾನುವಾರ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಸುರತ್ಕಲ್ ಮುಟ್ಟಿದೆ. ಅವರ ಲೆಕ್ಕದಲ್ಲಿ ನಾಳೆ ಅಂದರೆ ಸೋಮವಾರ. ತಪ್ಪು ಅವರದ್ದಾ?

ಆದರೆ ಶನಿವಾರಕ್ಕಿಂತ ಮೊದಲು ಹತ್ತು ದಿನ ಪೋಸ್ಟರ್ ಓಡಾಡಿತ್ತಲ್ಲ, ಅದರ ಕೆಳಗೆ ಬರಹವೂ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಅದನ್ನು ಬರೆದದ್ದು ನಮ್ಮ ತಂಡದ ಅಧ್ಯಕ್ಷರು.

ಅಧ್ಯಕ್ಷರಿಗೆ ತಾರೀಕು ಅಂದರೆ ಊಟದ ಕೊನೆಗೆ ಬರುವ ಮಜ್ಜಿಗೆ. ಅದಕ್ಕೆ ಮೊದಲು ಉಪ್ಪಿನಕಾಯಿಯಿಂದ ಹಿಡಿದು ಪಾಯಸದವರೆಗೆ ಎಲ್ಲವೂ ಆಗಬೇಕು. "ಕಡಲಿನ ಅಲೆಗಳು ದಡವನ್ನು ಮುದ್ದಿಸುವ ಈ ಪುಣ್ಯಭೂಮಿಯ ಸಹೃದಯ ಕಲಾರಸಿಕ ಬಂಧುಗಳೇ" ಎಂದು ಶುರು ಮಾಡಿದರು. ಬಳಿಕ ರಂಗಭೂಮಿಗೆ ಒಂದು ನಮಸ್ಕಾರ, ನಿರ್ದೇಶಕರಿಗೆ ಮೂರು ವಿಶೇಷಣ, ತಬಲಾದವರಿಗೆ ಎರಡು. ಹಾರ್ಮೋನಿಯಂನವರಿಗೆ ಬೇಸರವಾದೀತೆಂದು ಅವರಿಗೂ ಎರಡು. ಹದಿನಾಲ್ಕನೇ ಸಾಲಿನಲ್ಲಿ ತಾರೀಕು, ಹದಿನೈದರಲ್ಲಿ "ಕುದ್ಮುಲ್ ರಂಗರಾವ್ ಪುರಭವನ". ಇನ್‌ಸ್ಟಾಗ್ರಾಂ ಮೊದಲ ಒಂದೆರಡು ಸಾಲು ತೋರಿಸಿ ಉಳಿದದ್ದನ್ನು more ಎಂಬುದರ ಹಿಂದೆ ಅಡಗಿಸುತ್ತದೆ. ಹಾಗಾಗಿ ಊರಿಗೆಲ್ಲ ಕಂಡದ್ದು ಕಡಲು ದಡವನ್ನು ಮುದ್ದಿಸಿದ್ದು ಮಾತ್ರ. ಪೋಸ್ಟರಿನಲ್ಲೂ ತಾರೀಕು ಖಳನಾಯಕನ ಮೊಣಕೈ ಕೆಳಗೆ ಹಳದಿ ಮೇಲೆ ಬಿಳಿ ಅಕ್ಷರದಲ್ಲಿತ್ತು.

ಪುರಭವನ ಅಂದರೆ ಟೌನ್‌ಹಾಲ್ ಎಂದು ರಿಕ್ಷಾದವರಿಗೆ ವಿವರಿಸಬೇಕಾಯಿತು ಎಂದು ಮೂವರು ಫೋನ್ ಮಾಡಿದರು. ರಂಗರಾಯರ ಹೆಸರು ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಪಕ್ಕದಲ್ಲಿ "ಟೌನ್‌ಹಾಲ್" ಅಂತ ಒಂದು ಶಬ್ದ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಟಿಕೆಟಿನದು ಇನ್ನೊಂದು ಕಥೆ. ಅಧ್ಯಕ್ಷರು ಬರೆದದ್ದು "ತಮ್ಮ ಪ್ರೋತ್ಸಾಹವೇ ನಮಗೆ ಶ್ರೀರಕ್ಷೆ". ನಮ್ಮ ಊರಿನಲ್ಲಿ ಹರಕೆ ಬಯಲಾಟಕ್ಕೆ ಟಿಕೆಟಿಲ್ಲ, ಟೆಂಟಿನ ಆಟಕ್ಕೆ ಉಂಟು. ಹಾಗಾಗಿ ಬರೆಯದಿದ್ದರೆ ಧರ್ಮಕ್ಕೆ ಎಂದೇ ಜನ ಹೊರಡುವುದು. ಬಾಗಿಲಲ್ಲಿ 150 ರೂಪಾಯಿ ಎಂದಾಗ ಒಬ್ಬರು "ಫ್ಯಾಮಿಲಿಗಾ?" ಎಂದು ಕೇಳಿದರು. ಐದು ಜನ ಇದ್ದರು.

ಚಿಕ್ಕಂದಿನಲ್ಲಿ ಆಟ ಇದ್ದ ದಿನ ತಲೆಯ ಮೇಲೆ ಮೈಕ್ ಕಟ್ಟಿಕೊಂಡ ಅಂಬಾಸಿಡರ್ ಕಾರು ಬರುತ್ತಿತ್ತು. "ಇಂದು ರಾತ್ರಿ, ಇಂದು ರಾತ್ರಿ" ಎನ್ನುತ್ತಾ ಗುಲಾಬಿ ಬಣ್ಣದ ಚೀಟಿ ಎಸೆಯುತ್ತಾ ಹೋಗುತ್ತಿತ್ತು, ಧೂಳಿನಲ್ಲಿ ನಾವು ಹಿಂದೆ ಓಡುತ್ತಿದ್ದೆವು. ಆ ಕಾರಿಗೆ "ಇಂದು" ಎನ್ನುವ ಹಕ್ಕಿತ್ತು. ಸಂಜೆಯಾಗುವಾಗ ಅದು ಮನೆಗೆ ಹೋಗುತ್ತಿತ್ತು, ಅದರ ಮಾತೂ ಜೊತೆಗೆ ಹೋಗುತ್ತಿತ್ತು. ನನ್ನ "ನಾಳೆ" ಮಾತ್ರ ಮನೆಗೇ ಹೋಗಿಲ್ಲ. ಇವತ್ತು ಬುಧವಾರ, ಬೆಳಿಗ್ಗೆ ಕೂಡ ಒಬ್ಬರು ಕೇಳಿದರು.

ಡಿಸೆಂಬರಿನಲ್ಲಿ ಮರುಪ್ರದರ್ಶನ ಉಂಟು. ನಿನ್ನೆ ಕೂತು ನಾನೇ ಬರೆದೆ:

"ಡಿಸೆಂಬರ್ 14, ಭಾನುವಾರ, ಸಂಜೆ 6.30. ಟೌನ್‌ಹಾಲ್ (ಕುದ್ಮುಲ್ ರಂಗರಾವ್ ಪುರಭವನ), ಮಂಗಳೂರು. ಟಿಕೆಟ್ ಒಬ್ಬರಿಗೆ ₹150, ಬಾಗಿಲಲ್ಲಿ 5.30ರಿಂದ ಸಿಗುತ್ತದೆ."

ಹಿಂದಿನ ದಿನ ಕಳಿಸುವ ನೆನಪಿನ ಸಾಲನ್ನೂ ಈಗಲೇ ಬರೆದಿಟ್ಟೆ: "ಮರೆಯಬೇಡಿ: ಡಿ. 14, ಭಾನುವಾರ, ಸಂಜೆ 6.30, ಟೌನ್‌ಹಾಲ್." ಯಾವ ಗ್ರೂಪಿಗೆ ಯಾವಾಗ ಹೋದರೂ ಅರ್ಥ ಕೆಡಬಾರದು. ವರ್ಣನೆ ಬೇಕಿದ್ದರೆ ಕೆಳಗೆ ಹಾಕಿ ಎಂದು ಅಧ್ಯಕ್ಷರಿಗೆ ಕಳಿಸಿದೆ.

"ಇದೆಂತ ಮಾರಾಯ, ಬಸ್ಸಿನ ಬೋರ್ಡಿನ ಹಾಗೆ ಉಂಟಲ್ಲ!"

ಬೋರ್ಡ್ ನೋಡಿಯೇ ಅಲ್ವಾ ನೀವು ದಿನಾ ಬಸ್ಸು ಹತ್ತುವುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಯ್ತು, ತಾರೀಕೇ ಮೊದಲು ಬರಲಿ ಎಂದು ಒಪ್ಪಿದರು. ರಾತ್ರಿ ತಿದ್ದಿ ಕಳಿಸಿದ್ದಾರೆ. ಹೀಗೆ ಶುರುವಾಗುತ್ತದೆ:

"ಚುಮುಚುಮು ಚಳಿಯು ಮೈಮನಗಳಿಗೆ ಕಚಗುಳಿ ಇಡುವ ಡಿಸೆಂಬರ್ ಮಾಸದ ಸುಂದರ ಸಂಜೆಯಾದ 14ನೆಯ..."

ಮಂಗಳೂರಿನಲ್ಲಿ. ಚಳಿಯಂತೆ.