ಫೋಟೊದಲ್ಲಿರುವವರು ನಿಮ್ಮಲ್ಲಿ ಓದಿದ್ದೇನು?

ನಾನು ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮ ವೆಬ್‌ಸೈಟಿನ ಮೊದಲ ಪುಟದಲ್ಲಿ ನಗುತ್ತಿರುವ ಈ ಹೆಣ್ಣುಮಗಳು ನಿಮ್ಮಲ್ಲಿ ಯಾವ ಕೋರ್ಸ್ ಓದಿದರು? ಉತ್ತರ ಹೇಳಲು ಅರ್ಧ ನಿಮಿಷ ಸಾಕಿತ್ತು. ಆದರೆ ತುಮಕೂರಿನ ಬಿ.ಎಚ್. ರಸ್ತೆಯ ಐಎಎಸ್ ಕೋಚಿಂಗ್ ಸಂಸ್ಥೆಯೊಂದರ ಎ.ಸಿ. ಕೋಣೆಯಲ್ಲಿ, ಕೌನ್ಸೆಲರ್ ಎಂಬ ಬಿಲ್ಲೆ ತಗುಲಿಸಿಕೊಂಡಿದ್ದ ಯುವಕ ಪೆನ್ನು ಕೆಳಗಿಟ್ಟು, ಕುರ್ಚಿಗೆ ಒರಗಿ, “ಸಾರ್, ಅಡ್ಮಿಶನ್ ಮಾಡಿಸೋಕೆ ಬಂದಿದ್ದೀರಾ, ಇಲ್ಲಾ ಎನ್‌ಕ್ವೈರಿ ಮಾಡೋಕೆ ಬಂದಿದ್ದೀರಾ?” ಎಂದ. ಸೋಫಾದಲ್ಲಿ ಕುಳಿತಿದ್ದ ಬೇರೆ ಮಕ್ಕಳ ತಂದೆತಾಯಿಯರು ನಕ್ಕರು. ಅಷ್ಟಕ್ಕೂ ಬಿಡದೆ ನನ್ನ ಮಗಳ ಡಿಗ್ರಿ ಅಂಕಪಟ್ಟಿಯನ್ನು ಎತ್ತಿ ಹಿಡಿದು, ಶೇಕಡಾವಾರು ಅಂಕವನ್ನು ಎಲ್ಲರಿಗೂ ಕೇಳುವಂತೆ ಓದಿ, “ಮೊದಲು ಇದನ್ನ ನೋಡ್ಕೊಳ್ಳೋಣ, ಟಾಪರ್ ವಿಷಯ ಆಮೇಲೆ” ಎಂದ. ಮಗಳು ತಲೆ ತಗ್ಗಿಸಿ, “ಅಪ್ಪಾ, ಸಾಕು ಬನ್ನಿ” ಎಂದಳು. ನಾನೋ, ನೂರು ರೂಪಾಯಿಯ ವೋಚರಿಗೂ ಸಹಿ ಎಲ್ಲಿ ಎಂದು ಕೇಳುತ್ತಾ ಸಹಕಾರ ಸಂಘದ ಲೆಕ್ಕಪತ್ರದಲ್ಲಿ ತಲೆ ನರೆಸಿಕೊಂಡ ಮಹಾನುಭಾವ, “ಸುಮ್ಮನೆ ಕೇಳಿದೆ, ಬಿಡಿ” ಎಂದು ಹಲ್ಲು ಕಿರಿದೆ.

ಸುಮ್ಮನೆ ಕೇಳಿದ್ದಲ್ಲ. ಅದೇ ಹೆಣ್ಣುಮಗಳ ಫೋಟೊವನ್ನು, ಅದೇ ರ‍್ಯಾಂಕಿನೊಂದಿಗೆ, ಹಿಂದಿನ ರಾತ್ರಿ ಇನ್ನೂ ಮೂರು ಸಂಸ್ಥೆಗಳ ಪುಟಗಳಲ್ಲಿ ನೋಡಿದ್ದೆ. ಒಬ್ಬರೇ ನಾಲ್ಕು ಕಡೆ ಎರಡೆರಡು ವರ್ಷ ಓದುವುದು ಹೇಗೆ? ಒಂದು ಪುಟದ ತಳದಲ್ಲಿ, ಬೂದು ಬಣ್ಣದ ಇರುವೆಯಂಥ ಅಕ್ಷರಗಳಲ್ಲಿ, ‘ಐಜಿಪಿ’ ಎಂದು ಬರೆದಿತ್ತು. ಇಂಟರ್‌ವ್ಯೂ ಗೈಡೆನ್ಸ್ ಪ್ರೋಗ್ರಾಂ, ಅಂದರೆ ಅಣಕು ಸಂದರ್ಶನ. ಅದು ಬಹುಮಟ್ಟಿಗೆ ಉಚಿತವಾಗಿಯೇ ಸಿಗುವುದರಿಂದ ಅಭ್ಯರ್ಥಿಗಳು ನಾಲ್ಕಾರು ಕಡೆ ಹೋಗಿ ಕೂರುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ. ಆದರೆ ಯುಪಿಎಸ್‌ಸಿ ಸಿವಿಲ್ ಸೇವಾ ಪರೀಕ್ಷೆಯ ಅಂತಿಮ ಪಟ್ಟಿ ನಿಂತಿರುವುದು 2025 ಅಂಕಗಳ ಮೇಲೆ. ಅದರಲ್ಲಿ 1750 ಮುಖ್ಯ ಪರೀಕ್ಷೆಯದು, ಸಂದರ್ಶನದ್ದು 275 ಮಾತ್ರ. ಅಣಕು ಸಂದರ್ಶನಕ್ಕೆ ಬರುವವರು ಪ್ರಿಲಿಮ್ಸ್ ದಾಟಿ, ಆ 1750 ಅಂಕಗಳ ಪರೀಕ್ಷೆಯನ್ನೂ ಬರೆದು ಪಾಸಾಗಿಯೇ ಬಂದವರು.

ಲೆಕ್ಕದ ಮೋಸ ಇಲ್ಲಿದೆ. ಆಯೋಗವು ಹುದ್ದೆಗಳ ಹೆಚ್ಚುಕಡಿಮೆ ಎರಡೂವರೆ ಪಟ್ಟು ಜನರನ್ನು ಸಂದರ್ಶನಕ್ಕೆ ಕರೆಯುತ್ತದೆ. ಹಾಗಾಗಿ ಸಂದರ್ಶನಕ್ಕೆ ಅರ್ಹರಾದ ಐನೂರು ಮಂದಿಯನ್ನು ಬರಿದೇ ಕರೆದು ಕಾಫಿ ಕುಡಿಸಿ ಕಳುಹಿಸಿದರೂ ಅವರಲ್ಲಿ ಸುಮಾರು ಇನ್ನೂರು ಜನ ತಾವಾಗಿಯೇ ಆಯ್ಕೆಯಾಗುತ್ತಾರೆ, ಕಾಫಿ ಕೊಟ್ಟವರು ‘ಇನ್ನೂರು ಆಯ್ಕೆ’ ಎಂದು ಬೋರ್ಡು ಹಾಕಿಕೊಳ್ಳಬಹುದು. 2023ರ ಪರೀಕ್ಷೆಯಲ್ಲಿ ಇಡೀ ದೇಶದಲ್ಲಿ ಶಿಫಾರಸಾದವರು 1016 ಮಂದಿ. ನಾನು ನೋಡಿದ ನಾಲ್ಕೇ ಪುಟಗಳು ಆ ವರ್ಷದ್ದೆಂದು ಹೇಳಿಕೊಂಡ ಆಯ್ಕೆಗಳನ್ನು ಕೂಡಿದಾಗ ಮೊತ್ತ ಅದನ್ನೂ ಮೀರಿತು. ನಮ್ಮ ಸಂಘದಲ್ಲಿ ಇಂಥ ತಾಳೆಪಟ್ಟಿ ಕೊಟ್ಟಿದ್ದರೆ ಅಧ್ಯಕ್ಷರು ಮುಖಕ್ಕೆ ಎಸೆಯುತ್ತಿದ್ದರು.

ಆ ಸಂಸ್ಥೆಯ ಜಾಹೀರಾತಿನಲ್ಲಿದ್ದ ‘ಖಚಿತ ಆಯ್ಕೆ’ಯ ಕಥೆ ಇನ್ನೂ ಚಿಕ್ಕದು. ಪಕ್ಕದಲ್ಲಿ ನಕ್ಷತ್ರದ ಗುರುತಿತ್ತು. ಹಾಜರಾತಿ ತಪ್ಪಿಸದೆ, ಎಲ್ಲ ಟೆಸ್ಟ್ ಬರೆದೂ ಆಯ್ಕೆಯಾಗದಿದ್ದರೆ ಮುಂದಿನ ಬ್ಯಾಚಿನಲ್ಲಿ ಉಚಿತವಾಗಿ ಕೂರಬಹುದಂತೆ. ಖಚಿತವಾಗಿರುವುದು ಕುರ್ಚಿ, ಹುದ್ದೆಯಲ್ಲ.

ಇದಕ್ಕೆ ನಿಯಮ ಇಲ್ಲವೆಂದುಕೊಳ್ಳಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಫೋಟೊ ಹಾಕಿದರೆ ರ‍್ಯಾಂಕಿನ ಜೊತೆಗೆ ಅವರು ಓದಿದ ಕೋರ್ಸ್ ಯಾವುದು, ಅದರ ಅವಧಿ ಎಷ್ಟು, ಅದಕ್ಕೆ ಶುಲ್ಕ ಕಟ್ಟಿದ್ದರೇ ಎಂಬುದನ್ನೂ ಹೇಳಬೇಕು. ಅಭ್ಯರ್ಥಿಯ ಲಿಖಿತ ಒಪ್ಪಿಗೆಯನ್ನು ಫಲಿತಾಂಶ ಬಂದ ಮೇಲೆಯೇ ಪಡೆಯಬೇಕು. ಆಯ್ಕೆ ಖಚಿತ ಎಂಬ ಭರವಸೆ ಕೊಡುವಂತಿಲ್ಲ. ಷರತ್ತಿನ ಅಕ್ಷರಗಳೂ ಜಾಹೀರಾತಿನ ಅಕ್ಷರಗಳಷ್ಟೇ ದೊಡ್ಡದಿರಬೇಕು. ಸಾಧಕರು ಓದಿದ್ದು ಯಾವ ಕೋರ್ಸ್ ಎಂಬುದನ್ನು ಮುಚ್ಚಿಟ್ಟಿದ್ದಕ್ಕೆ ಹಲವು ಸಂಸ್ಥೆಗಳಿಗೆ ಅದೇ ಪ್ರಾಧಿಕಾರ ದಂಡವನ್ನೂ ಹಾಕಿದೆ. ಅಂದರೆ ನಾನು ಕೇಳಿದ್ದು ಅಧಿಕಪ್ರಸಂಗವಲ್ಲ, ಅವರೇ ಬರೆದು ಅಂಟಿಸಬೇಕಾಗಿದ್ದ ಸಾಲು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇವತ್ತೇ ದೂರು ಕೊಡುತ್ತೇನೆ ಎಂದು ಹೊರಟವನು ಎರಡು ಸಲ ಫೋನು ಎತ್ತಿ ಕೆಳಗಿಟ್ಟಿದ್ದೇನೆ. ಕೊಟ್ಟು ಏನಾಗಬೇಕು? ಒಂದು ಫೋಟೊ ತೆಗೆದು ಇನ್ನೊಂದು ಹಾಕುತ್ತಾರೆ. ಮಗಳಂತೂ, ಸೇರಿದರೆ ಅಲ್ಲಿಗೇ ಸೇರುತ್ತೇನೆ, ಗೆಳತಿಯರೆಲ್ಲ ಅಲ್ಲೇ ಇದ್ದಾರೆ ಎನ್ನುತ್ತಿದ್ದಾಳೆ. ಬೆಂಗಳೂರಿಗೆ ದಿನವೂ ರೈಲು ಹತ್ತಿಸುವ ಧೈರ್ಯ ನನಗಿಲ್ಲ. ಬಹುಶಃ ಮುಂದಿನ ವಾರ ಮೊದಲ ಕಂತು ಕಟ್ಟಿಯೇ ಬರುತ್ತೇನೆ.

ಆದರೂ ಕೇಳುತ್ತೇನೆ. ಆ ಸಂಸ್ಥೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಆ ಫೋಟೊದಲ್ಲಿರುವ ತಾಯಿಯೇ ಓದುತ್ತಿದ್ದರೆ, ದಯವಿಟ್ಟು ಹೇಳಿ: ನೀವು ಅಲ್ಲಿ ಕುಳಿತದ್ದು ಎಷ್ಟು ಹೊತ್ತು? ದುಡ್ಡು ಕಟ್ಟಿದ್ದಿರಾ? ನಿಮ್ಮ ಫೋಟೊ ತುಮಕೂರಿನಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿದೆ ಎಂಬುದು ನಿಮಗೆ ಗೊತ್ತಿದೆಯೇ?